ಎಸ್‌ಜಿಪಿಟಿ ಅಂಕಿಯ ಬೆನ್ನಿಗಿರುವ 6220

ಲಿವರ್ ಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ ಎಂಬ ಒಂದು ಸಾಲು ಇರುತ್ತದೆ. ಅದರ ಎದುರಿಗೆ 54 ಎಂದೋ 320 ಎಂದೋ ಒಂದು ಅಂಕಿ, ಅದರ ಪಕ್ಕದಲ್ಲಿ U/L ಎಂಬ ಮಾನ. ಮೇಲಿನ ಸಾಲಿನಲ್ಲಿರುವ ಬಿಲಿರುಬಿನ್‌ನಂತೆ ಇದೂ ರಕ್ತದಲ್ಲಿರುವ ಒಂದು ವಸ್ತುವಿನ ಪ್ರಮಾಣ ಎಂದೇ ಹೆಚ್ಚಿನವರು ಓದಿಕೊಳ್ಳುತ್ತಾರೆ. ಆದರೆ ಇದು ಪ್ರಮಾಣವಲ್ಲ, ವೇಗ. ಒಂದು ಲೀಟರ್ ಸೀರಂ ಒಂದು ನಿಮಿಷದಲ್ಲಿ ಎಷ್ಟು ಕೆಲಸ ಮಾಡಬಲ್ಲದು ಎಂಬುದರ ಲೆಕ್ಕ. ಆ ಕೆಲಸವನ್ನು ನೇರವಾಗಿ ಕಾಣುವುದಕ್ಕೆ ಆಗುವುದಿಲ್ಲ. ಅದಕ್ಕಾಗಿ ಪ್ರಯೋಗಾಲಯಗಳು ಇನ್ನೊಂದು ಕಿಣ್ವವನ್ನು ಜತೆಗೆ ಹಾಕಿ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಒಂದು ಅಣು ಕರಗುತ್ತಾ ಹೋಗುವುದನ್ನು ನೋಡುತ್ತವೆ. ಊರಿನ ಸಣ್ಣ ಲ್ಯಾಬ್‌ನ ಅರೆಸ್ವಯಂಚಾಲಿತ ಯಂತ್ರವೂ ದೊಡ್ಡ ಆಸ್ಪತ್ರೆಯ ಪೂರ್ಣ ಸ್ವಯಂಚಾಲಿತ ಯಂತ್ರವೂ ಮಾಡುವುದು ಇದನ್ನೇ.

ಎಸ್‌ಜಿಪಿಟಿ ಒಂದು ಕಿಣ್ವ. ಈಗಿನ ಹೆಸರು ಅಲನೈನ್ ಅಮೈನೋಟ್ರಾನ್ಸ್‌ಫರೇಸ್, ಚಿಕ್ಕದಾಗಿ ಎಎಲ್‌ಟಿ. ಅದು ಇರಬೇಕಾದ ಜಾಗ ಲಿವರ್ ಜೀವಕೋಶಗಳ ಒಳಗೆ. ಕಾಮಾಲೆಯ ವೈರಸ್ಸೋ ಮದ್ಯವೋ ಯಾವುದೋ ಔಷಧಿಯೋ ಆ ಕೋಶಗಳನ್ನು ಘಾಸಿಗೊಳಿಸಿದಾಗ ಅದು ರಕ್ತಕ್ಕೆ ಸೋರಿಕೊಳ್ಳುತ್ತದೆ. ಸೋರಿದ್ದರ ತೂಕ ತೀರಾ ಅತ್ಯಲ್ಪ. ಸೀರಂನ ಪ್ರತಿ ಲೀಟರ್‌ನಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಒಂದೇ 40 ಗ್ರಾಂ ಆಸುಪಾಸು ಇರುತ್ತದೆ. ಆ ರಾಶಿಯೊಳಗೆ ಚೂರೇ ಚೂರು ಇರುವ ಒಂದು ಕಿಣ್ವವನ್ನು ಬೇರ್ಪಡಿಸಿ ತೂಗುವುದು ದಿನವೂ ನೂರಾರು ಮಾದರಿ ನೋಡುವ ಲ್ಯಾಬ್‌ಗೆ ಆಗುವ ಮಾತಲ್ಲ. ಆದರೆ ಕಿಣ್ವಕ್ಕೆ ಒಂದು ಗುಣವಿದೆ. ಒಂದೊಂದು ಕಿಣ್ವದ ಅಣುವೂ ಸವೆಯದೆ ಒಂದಾದ ಮೇಲೊಂದರಂತೆ ಬೇರೆ ಅಣುಗಳನ್ನು ಮಾರ್ಪಡಿಸುತ್ತಲೇ ಇರುತ್ತದೆ. ಹೀಗಾಗಿ ಕೆಲಸದ ಫಲ ನಿಮಿಷ ನಿಮಿಷಕ್ಕೂ ಗುಡ್ಡೆಯಾಗುತ್ತದೆ, ಕಿಣ್ವಕ್ಕಿಂತ ಅದನ್ನು ಅಳೆಯುವುದು ಎಷ್ಟೋ ಸುಲಭ. ಒಂದು ನಿಮಿಷದಲ್ಲಿ ಒಂದು ಮೈಕ್ರೋಮೋಲ್ ವಸ್ತುವನ್ನು ಮಾರ್ಪಡಿಸುವಷ್ಟು ಕಿಣ್ವವನ್ನು ಒಂದು ಯೂನಿಟ್ ಎನ್ನುತ್ತಾರೆ. ವರದಿಯಲ್ಲಿರುವ U ಅದೇ.

ಎಎಲ್‌ಟಿಯ ಕೆಲಸ ಅಲನೈನ್ ಎಂಬ ಅಮೈನೋ ಆಮ್ಲದಿಂದ ಅದರ ಅಮೈನೋ ಗುಂಪನ್ನು ಕಿತ್ತು ಆಕ್ಸೋಗ್ಲುಟರೇಟ್ ಎಂಬ ಇನ್ನೊಂದು ಅಣುವಿಗೆ ಅಂಟಿಸುವುದು. ಕೊನೆಗೆ ಉಳಿಯುವುದು ಪೈರುವೇಟ್ ಮತ್ತು ಗ್ಲುಟಮೇಟ್. ತೊಡಕು ಇರುವುದು ಇಲ್ಲೇ. ಈ ನಾಲ್ಕೂ ವಸ್ತುಗಳ ದ್ರಾವಣ ನೀರಿನಷ್ಟೇ ತಿಳಿ. ಬಣ್ಣ ಬದಲಾಗುವುದಿಲ್ಲ, ಗುಳ್ಳೆ ಏಳುವುದಿಲ್ಲ, ಏನೂ ತಳಕ್ಕೆ ಕೂರುವುದಿಲ್ಲ. ಕ್ರಿಯೆ ನಡೆಯುತ್ತಿದೆಯೋ ನಿಂತಿದೆಯೋ ಎಂದು ಹೇಳುವ ಒಂದು ಗುರುತೂ ಇಲ್ಲ.

ಗುರುತು ಸಿಗುವುದು ಮುಂದಿನ ಹೆಜ್ಜೆಯಲ್ಲಿ. ಹುಟ್ಟಿದ ಪೈರುವೇಟನ್ನು ಲ್ಯಾಕ್ಟೇಟ್ ಆಗಿ ಬದಲಿಸುವ ಇನ್ನೊಂದು ಕಿಣ್ವವಿದೆ, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, ಎಂದರೆ ಎಲ್‌ಡಿಎಚ್. ಒಂದು ಪೈರುವೇಟನ್ನು ಬದಲಿಸಲು ಅದಕ್ಕೆ ಒಂದು ಎನ್‌ಎಡಿಎಚ್ ಅಣು ಬೇಕೇ ಬೇಕು. ಎನ್‌ಎಡಿಎಚ್ ತನ್ನಲ್ಲಿರುವ ಹೈಡ್ರೋಜನ್ ಕೊಟ್ಟು ಎನ್‌ಎಡಿ ಆಗುತ್ತದೆ. ಇವೆರಡರ ನಡುವೆ ಬೆಳಕಿಗೆ ಕಾಣುವ ಒಂದು ವ್ಯತ್ಯಾಸವಿದೆ. 340 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು, ಎಂದರೆ ನಮ್ಮ ಕಣ್ಣಿಗೆ ನಿಲುಕುವ ನೇರಳೆಯಿಂದ ತುಸು ಆಚೆಗಿರುವ ಅತಿನೇರಳೆ ಬೆಳಕನ್ನು, ಎನ್‌ಎಡಿಎಚ್ ಚೆನ್ನಾಗಿ ಹೀರುತ್ತದೆ. ಹೈಡ್ರೋಜನ್ ಕಳೆದುಕೊಂಡ ಎನ್‌ಎಡಿ ಅದೇ ಬೆಳಕನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಆದ್ದರಿಂದ ಒಂದು ಪೈರುವೇಟ್ ಹುಟ್ಟಿದರೆ ಒಂದು ಎನ್‌ಎಡಿಎಚ್ ಮರೆಯಾಗುತ್ತದೆ, ಒಂದು ಎನ್‌ಎಡಿಎಚ್ ಮರೆಯಾದರೆ ಅಷ್ಟು ಬೆಳಕು ಹೆಚ್ಚಾಗಿ ದಾಟಿಬರುತ್ತದೆ. ಎಎಲ್‌ಟಿಯ ಕಾಣದ ಕೆಲಸ ಈ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಎರಡು ಕಿಣ್ವಗಳನ್ನು ಹೀಗೆ ಬೆಸೆಯುವುದರಿಂದಲೇ ಇದು ಜೋಡಿ ಕಿಣ್ವ ಪರೀಕ್ಷೆ. ಇದರ ಷರತ್ತು ಒಂದೇ. ದೋಸೆ ಹೋಟೆಲಿನ ಅಡುಗೆಮನೆ ಹೊರಗೆ ಕೂತವರಿಗೆ ಕಾಣುವುದಿಲ್ಲ, ಮಾಣಿ ಹೊರಗೆ ತರುವ ತಟ್ಟೆಗಳನ್ನು ಎಣಿಸಿ ಭಟ್ಟರ ವೇಗವನ್ನು ಅಂದಾಜು ಮಾಡಬಹುದು. ಆದರೆ ಮಾಣಿಯೇ ನಿಧಾನವಾಗಿದ್ದರೆ ನಾವು ಎಣಿಸುವುದು ಅವನ ನಡಿಗೆಯನ್ನು, ಕಾವಲಿಯ ಮುಂದಿನ ಕೈಯನ್ನಲ್ಲ. ಜತೆಗಾರ ಕಿಣ್ವವಾದ ಎಲ್‌ಡಿಎಚ್ ಎಷ್ಟು ಧಾರಾಳವಾಗಿರಬೇಕು ಎಂದರೆ ಪೈರುವೇಟ್ ಹುಟ್ಟಿದ ಗಳಿಗೆಯಲ್ಲೇ ಅದನ್ನು ಹಿಡಿಯಬೇಕು. ಅಂತರರಾಷ್ಟ್ರೀಯ ಕ್ಲಿನಿಕಲ್ ರಸಾಯನಶಾಸ್ತ್ರ ಒಕ್ಕೂಟದ ಆಧಾರ ವಿಧಾನದಲ್ಲಿ ಎಎಲ್‌ಟಿ ಪರೀಕ್ಷೆಯ ಮಿಶ್ರಣಕ್ಕೆ ಲೀಟರ್‌ಗೆ ಸುಮಾರು 1700 ಯೂನಿಟ್ ಎಲ್‌ಡಿಎಚ್ ಹಾಕುತ್ತಾರೆ. ಅಳೆಯಲು ಹೊರಟ ಎಎಲ್‌ಟಿ ಅದೇ ಮಿಶ್ರಣದಲ್ಲಿ ಲೀಟರ್‌ಗೆ ಬರೀ ನಾಲ್ಕೈದು ಯೂನಿಟ್ ಇದ್ದರೂ ಇರಬಹುದು.

ಎನ್‌ಎಡಿಎಚ್‌ನ ಈ ಗುಣವನ್ನು ಅಳತೆಗೆ ಬಳಸುವ ದಾರಿ ತೆರೆದವರು ಜರ್ಮನಿಯ ಓಟೋ ವಾರ್ಬರ್ಗ್, 1930ರ ದಶಕದಲ್ಲಿ. ಆದರೆ ಬೆಳಕು ಇಷ್ಟು ಹೆಚ್ಚಾಯಿತು ಎಂಬುದನ್ನು ಇಷ್ಟು ಅಣು ಮರೆಯಾಯಿತು ಎಂಬುದಕ್ಕೆ ಬದಲಿಸಿಕೊಳ್ಳಬೇಕಾದರೆ ಒಂದು ನೆಚ್ಚಿನ ಗುಣಾಂಕ ಬೇಕು. ಎನ್‌ಎಡಿಎಚ್ ಪುಡಿಯನ್ನು ತೂಗಿ, ಕರಗಿಸಿ, ಅಳೆದು ಅದನ್ನು ಪಡೆಯಬಹುದಿತ್ತಲ್ಲ ಎನ್ನಿಸುತ್ತದೆ. ಆದರೆ ಆ ಪುಡಿ ತೇವ ಎಳೆದುಕೊಳ್ಳುತ್ತದೆ, ಕೆಡುತ್ತದೆ, ಪೂರ್ತಿ ಚೊಕ್ಕವಾಗಿ ಸಿಗುವುದು ಕಷ್ಟ, ತೂಕ ನಂಬಿದರೆ ಗುಣಾಂಕ ತಪ್ಪುತ್ತದೆ. ಹಾಗಾಗಿ ಇದಕ್ಕೆ ನೆಚ್ಚುವ ದಾರಿ ಎಂದರೆ ಪ್ರಮಾಣ ನಿಖರವಾಗಿ ಗೊತ್ತಿರುವ ಬೇರೊಂದು ವಸ್ತುವನ್ನು ಕಿಣ್ವದ ಮೂಲಕ ಪೂರ್ತಿ ಮಾರ್ಪಡಿಸಿ, ಅದರ ಜತೆ ಹೀರಿಕೆ ಎಷ್ಟು ಬದಲಾಯಿತು ಎಂದು ನೋಡುವುದು. ಅಮೆರಿಕದ ಬರ್ನಾರ್ಡ್ ಹೋರೆಕರ್ ಮತ್ತು ಆರ್ಥರ್ ಕಾರ್ನ್‌ಬರ್ಗ್ 1948ರಲ್ಲಿ ಪ್ರಕಟಿಸಿದ ಮೌಲ್ಯ 6220. ಡಿಎನ್‌ಎ ಸಂಶ್ಲೇಷಣೆಗಾಗಿ 1959ರಲ್ಲಿ ನೊಬೆಲ್ ಪಡೆದ ಕಾರ್ನ್‌ಬರ್ಗ್ ಇವರೇ. ಆ ದೊಡ್ಡ ಕೆಲಸದ ಹೆಸರಿನಲ್ಲಿ ಈ ಪುಟ್ಟ ಪ್ರಬಂಧವನ್ನು ಯಾರೂ ನೆನೆಯುವುದಿಲ್ಲ, ಆದರೆ ದಿನನಿತ್ಯ ಜಗತ್ತಿನ ಲ್ಯಾಬ್‌ಗಳಲ್ಲಿ ಓಡುವ ಅಂಕಿ ಅದರಲ್ಲಿದೆ. ಮುಂದೆ 1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರಾಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಹೃದಯಾಘಾತವಾದವರ ರಕ್ತದಲ್ಲಿ ಇದೇ ಜಾತಿಯ ಇನ್ನೊಂದು ಕಿಣ್ವ ಏರುವುದನ್ನು ತೋರಿಸಿದರು. ಅದನ್ನು ಎನ್‌ಎಡಿಎಚ್ ಮೂಲಕ ಅಳೆಯುವ ವಿಧಾನವನ್ನು ಕಾರ್ಮೆನ್ 1955ರಲ್ಲಿ ಬರೆದರು. ಲಿವರ್ ವರದಿಯ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸಾಲುಗಳ ಬೇರು ಅಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬುದನ್ನು ಅಬ್ಸಾರ್ಬೆನ್ಸ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 1 ಆದರೆ ಬಿದ್ದ ಬೆಳಕಿನ ಹತ್ತನೇ ಒಂದು ಭಾಗ ಮಾತ್ರ ಆಚೆ ದಾಟಿತು ಎಂದರ್ಥ, 2 ಆದರೆ ನೂರನೇ ಒಂದು ಭಾಗ. ಈ ಅಂಕಿಯ ಚಂದ ಇರುವುದು ಅದು ಅಣುಗಳ ಸಾಂದ್ರತೆಗೆ ನೇರ ಅನುಪಾತದಲ್ಲಿರುವುದರಲ್ಲಿ. ಬಿಯರ್ ಮತ್ತು ಲ್ಯಾಂಬರ್ಟ್ ಹೆಸರಿನ ನಿಯಮ ಇದು:

```
A = ε × c × l
```

ಇಲ್ಲಿ A ಅಬ್ಸಾರ್ಬೆನ್ಸ್, c ಸಾಂದ್ರತೆ, l ಎಂದರೆ ಬೆಳಕು ದ್ರಾವಣದೊಳಗೆ ನಡೆದ ದೂರ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್. ε ಎಂಬುದೇ ಹೀರಿಕೆಯ ಗುಣಾಂಕ, ಲ್ಯಾಬ್‌ನವರ ಬಾಯಲ್ಲಿ ಎಕ್ಸ್‌ಟಿಂಕ್ಷನ್ ಕೋಎಫಿಷಿಯಂಟ್. ಎನ್‌ಎಡಿಎಚ್‌ಗೆ 340 ನ್ಯಾನೋಮೀಟರ್‌ನಲ್ಲಿ ಅದು 6220 ಎಂದರೆ, ಲೀಟರ್‌ಗೆ ಒಂದು ಮೋಲ್ ಎನ್‌ಎಡಿಎಚ್ ಕರಗಿಸಿ ಒಂದು ಸೆಂಟಿಮೀಟರ್ ದಪ್ಪದ ಕ್ಯುವೆಟ್‌ನಲ್ಲಿ ನೋಡಿದರೆ ಅಬ್ಸಾರ್ಬೆನ್ಸ್ 6220 ಬರುತ್ತದೆ ಎಂದು. ಅಷ್ಟು ಗಟ್ಟಿ ದ್ರಾವಣದಿಂದ ಬೆಳಕೇ ಹೊರಬರಲಾರದು, ಅದು ಲೆಕ್ಕದ ಮಾತು. ನಿಜವಾದ ಪರೀಕ್ಷೆಯಲ್ಲಿ ಎನ್‌ಎಡಿಎಚ್ ಲೀಟರ್‌ಗೆ 0.18 ಮಿಲಿಮೋಲ್ ಇರುತ್ತದೆ. ಅದನ್ನು ಮೋಲ್‌ಗೆ ಇಳಿಸಿ 6220ರಿಂದ ಗುಣಿಸಿದರೆ 1.12. ಪರೀಕ್ಷೆ ಶುರುವಾಗುವುದು ಆ ಎತ್ತರದಿಂದ, ಅಲ್ಲಿಂದ ಕೆಳಗಿಳಿಯುತ್ತದೆ.

ಒಬ್ಬ ರೋಗಿಯ ಮಾದರಿಯನ್ನು ಹಿಡಿದು ನೋಡೋಣ. ಕ್ಯುವೆಟ್‌ನಲ್ಲಿ 1000 ಮೈಕ್ರೋಲೀಟರ್ ರೀಏಜೆಂಟ್ ಇದೆ. ಅಲನೈನ್, ಆಕ್ಸೋಗ್ಲುಟರೇಟ್, ಎನ್‌ಎಡಿಎಚ್, ಎಲ್‌ಡಿಎಚ್ ಎಲ್ಲವೂ ಅದರೊಳಗೇ ಇವೆ. ಅದಕ್ಕೆ 100 ಮೈಕ್ರೋಲೀಟರ್ ಸೀರಂ ಸೇರಿಸಿ ಕಲಕಿ, 37 ಡಿಗ್ರಿಯಲ್ಲಿ ಒಂದು ನಿಮಿಷ ಕಾದು, ಆಮೇಲೆ ನಿಮಿಷಕ್ಕೊಮ್ಮೆ ಓದಿದಾಗ ಬಂದ ಅಂಕಿಗಳು ಹೀಗಿವೆ ಎನ್ನಿ: 1.105, 1.075, 1.044, 1.014. ಮೊದಲ ನಿಮಿಷದಲ್ಲಿ 0.030, ಎರಡನೆಯದರಲ್ಲಿ 0.031, ಮೂರನೆಯದರಲ್ಲಿ ಮತ್ತೆ 0.030 ಇಳಿದಿದೆ. ಸರಾಸರಿ ನಿಮಿಷಕ್ಕೆ 0.0303.

ಇದನ್ನು 6220ರಿಂದ ಭಾಗಿಸಿದರೆ ಕ್ಯುವೆಟ್‌ನೊಳಗೆ ಲೀಟರ್‌ಗೆ ನಿಮಿಷಕ್ಕೆ ಎಷ್ಟು ಎನ್‌ಎಡಿಎಚ್ ಮರೆಯಾಯಿತು ಎಂಬುದು ಸಿಗುತ್ತದೆ: 4.87 ಮೈಕ್ರೋಮೋಲ್. ಆದರೆ ಕ್ಯುವೆಟ್‌ನಲ್ಲಿರುವುದು ನೀರಾಗಿಸಿದ ಸೀರಂ. 100 ಮೈಕ್ರೋಲೀಟರ್ ಸೀರಂ ಒಟ್ಟು 1100 ಆಗಿದೆ, ಎಂದರೆ ಹನ್ನೊಂದು ಪಟ್ಟು. ಆದ್ದರಿಂದ 4.87ನ್ನು 11ರಿಂದ ಗುಣಿಸಬೇಕು. ಉತ್ತರ 53.6, ವರದಿಯಲ್ಲಿ 54 U/L. ಸಾಮಾನ್ಯ ಮಿತಿಗಿಂತ ತುಸು ಮೇಲೆ. ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದರೆ ಹೀಗಾಗುತ್ತದೆ, V ಒಟ್ಟು ಪರಿಮಾಣ, v ಸೀರಂನ ಪರಿಮಾಣ:

```
U/L = (ΔA/min × V × 10^6) / (ε × v × l)
```

ಇದರಲ್ಲಿ ನಿಮಿಷದ ಇಳಿಕೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮೊದಲೇ ಗೊತ್ತಿರುವ ಸಂಖ್ಯೆಗಳು. ಅವುಗಳನ್ನು ಒಟ್ಟು ಮಾಡಿದರೆ 1768 ಬರುತ್ತದೆ. ಕಿಟ್‌ನ ಪೆಟ್ಟಿಗೆಯೊಳಗಿನ ಮಡಚಿದ ಹಾಳೆಯಲ್ಲಿ "ಫ್ಯಾಕ್ಟರ್ 1768" ಎಂದು ಅಚ್ಚಾಗಿರುವುದು, ಟೆಕ್ನಿಷಿಯನ್ ಯಂತ್ರಕ್ಕೆ ತುಂಬಿಸಿಡುವುದು ಇದನ್ನೇ. ಕೆಲವು ಕಿಟ್‌ಗಳಲ್ಲಿ ಅದು 1746 ಇರುತ್ತದೆ. ಅದು ಅಚ್ಚಿನ ದೋಷವಲ್ಲ. ಆಮೇಲಿನ ಅಳತೆಗಳು ಗುಣಾಂಕ 6300ರ ಹತ್ತಿರ ಇದೆ ಎಂದು ತೋರಿಸಿವೆ, ಆ ಕಿಟ್‌ನವರು ಅದನ್ನು ಬಳಸಿದ್ದಾರೆ. ವ್ಯತ್ಯಾಸ ನೂರಕ್ಕೆ ಒಂದೂಕಾಲು, ರೋಗಿಯ ಚಿಕಿತ್ಸೆಯ ಮೇಲೆ ಅದರ ಪರಿಣಾಮವಿಲ್ಲ.

ಆದರೆ 1768 ಆ ಅಳತೆಗಳಿಗೆ ಮಾತ್ರ ಕಟ್ಟುಬಿದ್ದ ಸಂಖ್ಯೆ ಎಂಬುದನ್ನು ಮರೆಯಬಾರದು. ರೀಏಜೆಂಟ್ ಉಳಿಸಲೆಂದು 500ಕ್ಕೆ 50 ಬಳಸಿದರೆ ಅನುಪಾತ ಅದೇ, ಫ್ಯಾಕ್ಟರೂ ಅದೇ. 1000ಕ್ಕೆ 50 ಹಾಕಿದರೆ ಫ್ಯಾಕ್ಟರ್ 3376 ಆಗಬೇಕು, ಬದಲಿಸದಿದ್ದರೆ ಎಲ್ಲ ರೋಗಿಗಳ ಅಂಕಿಯೂ ಅರ್ಧಕ್ಕೆ ಹತ್ತಿರ ಇಳಿದುಬಿಡುತ್ತದೆ. ಬೆಳಕು ನಡೆಯುವ ದೂರದ ವಿಷಯವೂ ಹೀಗೆಯೇ. ಸಂಶೋಧನಾಲಯಗಳಲ್ಲಿ ಇದೇ ಪರೀಕ್ಷೆಯನ್ನು 96 ಗುಳಿಗಳ ತಟ್ಟೆಯಲ್ಲಿ ಮಾಡುತ್ತಾರೆ. ಅಲ್ಲಿ ಬೆಳಕು ಮೇಲಿನಿಂದ ಕೆಳಕ್ಕೆ ಹಾಯುವುದರಿಂದ ದೂರ ಎಂದರೆ ದ್ರಾವಣದ ಆಳ, 200 ಮೈಕ್ರೋಲೀಟರ್ ಹಾಕಿದ ಗುಳಿಯಲ್ಲಿ ಅದು ಒಂದು ಸೆಂಟಿಮೀಟರಿನ ಅರ್ಧಕ್ಕಿಂತ ತುಸು ಹೆಚ್ಚು. ಎಂ.ಎಸ್ಸಿ. ಪ್ರಾಜೆಕ್ಟುಗಳಲ್ಲಿ l = 1 ಎಂದು ಹಾಗೆಯೇ ಹಾಕಿ ಲೆಕ್ಕ ಮುಗಿಸಿಬಿಡುವುದು ಅಪರೂಪವಲ್ಲ, ಆಗ ಕಿಣ್ವದ ಚಟುವಟಿಕೆ ಇರುವುದರ ಅರ್ಧದಷ್ಟೇ ಎಂದು ಬರುತ್ತದೆ. ತರಂಗಾಂತರ ಬದಲಾದರೂ ಗುಣಾಂಕ ಬದಲಾಗುತ್ತದೆ. ಪಾದರಸದ ದೀಪವಿರುವ ಹಳೆಯ ಯಂತ್ರಗಳು 365 ನ್ಯಾನೋಮೀಟರ್‌ನಲ್ಲಿ ಓದುತ್ತಿದ್ದವು, ಅಲ್ಲಿ ಅದು ಸುಮಾರು 3400 ಮಾತ್ರ.

ಈ ವಿಧಾನದ ಬಗ್ಗೆ ನನಗೆ ತುಂಬಾ ಮೆಚ್ಚುಗೆಯಾಗುವ ಸಂಗತಿಯೊಂದಿದೆ. ಸಕ್ಕರೆ ಅಳೆಯುವಾಗ ಇಷ್ಟೇ ಸಕ್ಕರೆ ಇದೆ ಎಂದು ಖಚಿತವಾಗಿ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣವನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಎಎಲ್‌ಟಿಗೆ ಅಂಥ ಸ್ಟ್ಯಾಂಡರ್ಡ್ ಇಲ್ಲದೆಯೂ ಲೆಕ್ಕ ನಿಲ್ಲುತ್ತದೆ, ಏಕೆಂದರೆ ಅಳತೆಗೋಲು ಎನ್‌ಎಡಿಎಚ್ ಅಣುವಿನ ಒಳಗೇ ಇದೆ. ಜತೆಗೆ ನಾವು ನೋಡುವುದು ಇಳಿಕೆಯನ್ನು ಮಾತ್ರ. ಸೀರಂ ಹಳದಿಯಾಗಿರಲಿ, ಕೊಬ್ಬಿನಿಂದ ತುಸು ಮಬ್ಬಾಗಿರಲಿ, ಅದರಿಂದ ಹೆಚ್ಚಿದ ಅಬ್ಸಾರ್ಬೆನ್ಸ್ ಮೊದಲ ಓದಿನಲ್ಲೂ ಕೊನೆಯ ಓದಿನಲ್ಲೂ ಒಂದೇ ಸಮ ಇರುವುದರಿಂದ ಕಳೆದಾಗ ಹೊರಟುಹೋಗುತ್ತದೆ. ಆದರೆ ಈ ಅನುಕೂಲದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಳಿಕೆಯನ್ನು ಗುಣಿಸಿದ ಅಂಕಿ ಹೊರಬರುತ್ತದೆ, ಆದರೆ ಆ ಇಳಿಕೆ ನಿಜವಾಗಿ ಎಎಲ್‌ಟಿಯದ್ದೇ ಎಂದು ಆ ಅಂಕಿ ಹೇಳುವುದಿಲ್ಲ. ಅದನ್ನು ಹೇಳುವುದು ಗೆರೆಯ ಆಕಾರ.

ಮೊದಲ ಒಂದು ನಿಮಿಷ ಸುಮ್ಮನೆ ಕಾಯುವುದೇಕೆ ಎಂಬಲ್ಲಿಂದ ಹಿಡಿಯೋಣ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಸೀರಂನಲ್ಲಿ ಮೊದಲಿನಿಂದಲೂ ಸ್ವಲ್ಪ ಪೈರುವೇಟ್ ಇರುತ್ತದೆ. ಅದು ಎಎಲ್‌ಟಿ ಹುಟ್ಟಿಸಿದ್ದಲ್ಲ, ಆದರೂ ಎಲ್‌ಡಿಎಚ್ ಅದನ್ನೂ ಹಿಡಿದು ಎನ್‌ಎಡಿಎಚ್ ಕರಗಿಸುತ್ತದೆ. ಅದು ಲೀಟರ್‌ಗೆ 0.1 ಮಿಲಿಮೋಲ್ ಇದ್ದರೂ ಸಾಕು, ಅಬ್ಸಾರ್ಬೆನ್ಸ್ 0.057ರಷ್ಟು ಬೀಳುತ್ತದೆ. ನಮ್ಮ ರೋಗಿಯ ಎರಡು ನಿಮಿಷದ ನಿಜವಾದ ಇಳಿಕೆಗೆ ಅದು ಹೆಚ್ಚುಕಡಿಮೆ ಸಮ. ಆ ಪೈರುವೇಟ್ ಮುಗಿದ ಮೇಲಷ್ಟೇ ಓದಲು ಶುರುಮಾಡಬೇಕು. ಆಧಾರ ವಿಧಾನದಲ್ಲಿ ಇದಕ್ಕಾಗಿಯೇ ಆಕ್ಸೋಗ್ಲುಟರೇಟ್ ಒಂದನ್ನು ಹಿಂದಕ್ಕೆ ಇಟ್ಟುಕೊಂಡು ಉಳಿದುದನ್ನೆಲ್ಲ ಸೀರಂ ಜತೆ ಬೆರೆಸಿ ಮೊದಲು ಐದು ನಿಮಿಷ ಬಿಡುತ್ತಾರೆ, ಕೊನೆಗೆ ಅದನ್ನು ಸೇರಿಸಿ ಎಎಲ್‌ಟಿಯ ಕ್ರಿಯೆ ಶುರುಮಾಡುತ್ತಾರೆ.

ಎರಡನೆಯ ಕಾರಣ ಜೋಡಿ ಕಿಣ್ವದ ಒಳಗಿನದು. ಎಎಲ್‌ಟಿ ಪೈರುವೇಟ್ ಹುಟ್ಟಿಸಲು ತೊಡಗಿದಾಗ ಎಲ್‌ಡಿಎಚ್ ಮುಂದೆ ಆಗಿನ್ನೂ ಪೈರುವೇಟ್ ಇರುವುದಿಲ್ಲ, ಅದರ ವೇಗವೂ ಸೊನ್ನೆ. ಪೈರುವೇಟ್ ತುಸು ತುಸುವೇ ಹೆಚ್ಚಿದಂತೆ ಎಲ್‌ಡಿಎಚ್‌ನ ವೇಗ ಏರುತ್ತದೆ, ಹುಟ್ಟುವಷ್ಟೇ ಪೈರುವೇಟ್ ಖರ್ಚಾಗುವ ಹಂತಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಎನ್‌ಎಡಿಎಚ್‌ನ ಇಳಿಕೆ ಎಎಲ್‌ಟಿಯ ವೇಗದ ಕನ್ನಡಿ, ಅಲ್ಲಿಯವರೆಗೆ ಅಲ್ಲ. ಈ ಹಂತ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದು ಎಲ್‌ಡಿಎಚ್ ಎಷ್ಟಿದೆ ಮತ್ತು ಅದಕ್ಕೆ ಪೈರುವೇಟ್ ಮೇಲೆ ಹಿಡಿತ ಎಷ್ಟು ಬಿಗಿ ಎಂಬುದನ್ನು ಅವಲಂಬಿಸಿದೆ. ಅದರ ಗಣಿತವನ್ನು ವಿಲಿಯಂ ಮೆಕ್‌ಕ್ಲೂರ್ 1969ರಲ್ಲಿ ಅಚ್ಚುಕಟ್ಟಾಗಿ ಬಿಡಿಸಿಟ್ಟಿದ್ದಾರೆ. ಲೀಟರ್‌ಗೆ 1700 ಯೂನಿಟ್ ಎಲ್‌ಡಿಎಚ್ ಇದೆ, ಅದರ ಅರ್ಧ ವೇಗಕ್ಕೆ ಬೇಕಾದ ಪೈರುವೇಟ್ 0.15 ಮಿಲಿಮೋಲ್ ಎಂದಿಟ್ಟುಕೊಂಡರೆ, ನೂರಕ್ಕೆ ತೊಂಬತ್ತೊಂಬತ್ತರಷ್ಟು ವೇಗ ಮುಟ್ಟಲು ಸುಮಾರು 25 ಸೆಕೆಂಡು ಸಾಕು. ಒಂದು ನಿಮಿಷದ ಕಾಯುವಿಕೆಯೊಳಗೆ ಅದು ಮುಗಿದುಹೋಗುತ್ತದೆ.

ಈಗ ರೀಏಜೆಂಟನ್ನು ಫ್ರಿಜ್ಜಿನ ಹೊರಗೆ ಬಿಟ್ಟು ಎಲ್‌ಡಿಎಚ್ ಹತ್ತನೇ ಒಂದು ಭಾಗಕ್ಕೆ ಇಳಿದಿದೆ ಎನ್ನಿ. ಆಗ ಅದೇ ಹಂತ ಮುಟ್ಟಲು ನಾಲ್ಕು ನಿಮಿಷ ಬೇಕು, ಎಂದರೆ ನಾವು ಓದಿ ಮುಗಿಸುವ ಹೊತ್ತಿಗೆ. ಅದೇ ರೋಗಿಯ ಅದೇ ಸೀರಂ ಈಗ ಮೊದಲ ನಿಮಿಷದಲ್ಲಿ 0.024, ಎರಡನೆಯದರಲ್ಲಿ 0.028, ಮೂರನೆಯದರಲ್ಲಿ 0.030 ಇಳಿಯುತ್ತದೆ. ಯಂತ್ರ ಇವುಗಳ ಸರಾಸರಿ ತೆಗೆದು 1768ರಿಂದ ಗುಣಿಸಿ 48 ಎಂದು ಅಚ್ಚು ಹಾಕುತ್ತದೆ. ಅಂಕಿಯನ್ನಷ್ಟೇ ನೋಡಿದವರಿಗೆ ಏನೂ ಅನುಮಾನ ಬರಲು ಕಾರಣವಿಲ್ಲ. ಮೂರು ಇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ಅವು ನಿಮಿಷಕ್ಕೆ ನಿಮಿಷಕ್ಕೆ ಹೆಚ್ಚುತ್ತಿರುವುದು ಕಾಣುತ್ತದೆ. ಹೆಚ್ಚುತ್ತಿರುವ ಇಳಿಕೆ ಎಂದರೆ ಜತೆಗಾರ ಕಿಣ್ವ ಇನ್ನೂ ಹಿಂದೆ ಬಿದ್ದಿದೆ ಎಂದು.

ಸಂಶಯ ಬಂದಾಗ ಪರೀಕ್ಷಿಸುವ ದಾರಿ ಸರಳವಾಗಿದೆ. ಎಲ್‌ಡಿಎಚ್ ಅನ್ನು ಎರಡರಷ್ಟು ಮಾಡಿ ಮತ್ತೆ ಓದಬೇಕು, ವೇಗ ಬದಲಾಗಬಾರದು. ಸೀರಂ ಅನ್ನು ಎರಡರಷ್ಟು ಮಾಡಿ ಓದಬೇಕು, ವೇಗ ಎರಡರಷ್ಟೇ ಆಗಬೇಕು. ಎರಡೂ ಕೂಡಿಬಂದರೆ ನಾವು ಅಳೆಯುತ್ತಿರುವುದು ಮೊದಲನೆಯ ಕಿಣ್ವವನ್ನೇ. ಎಲ್‌ಡಿಎಚ್ ಹೆಚ್ಚಿಸಿದಾಗ ವೇಗವೂ ಏರಿತೋ, ಅಲ್ಲಿಯವರೆಗೆ ಬರೆದಿಟ್ಟ ಅಂಕಿಗಳೆಲ್ಲ ಜತೆಗಾರ ಕಿಣ್ವದವು. ಹೊಸ ಜೋಡಿ ಪರೀಕ್ಷೆಯನ್ನು ಕಟ್ಟುವ ಯಾವ ಸಂಶೋಧಕರೂ ಈ ಎರಡು ಪ್ರಯೋಗಗಳನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಅರ್ಧ ದಿನವೂ ಬೇಕಾಗುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದು ತೀರಾ ಹೆಚ್ಚು ಎಎಲ್‌ಟಿ ಇರುವ ರೋಗಿಯಲ್ಲಿ ಆಗುವಂಥದ್ದು. ಹೆಪಟೈಟಿಸ್ ವೈರಸ್ ಉಲ್ಬಣಿಸಿದಾಗ, ಪ್ಯಾರಸಿಟಮಾಲ್ ವಿಪರೀತ ನುಂಗಿದಾಗ ಎಎಲ್‌ಟಿ ಸಾವಿರಗಳಲ್ಲಿ ಇರುತ್ತದೆ. 3200 U/L ಇರುವ ಸೀರಂ ಅನ್ನು ಅದೇ ಕ್ಯುವೆಟ್‌ಗೆ ಹಾಕಿದಾಗ ಏನಾಗುತ್ತದೆ ನೋಡಿ. ಹನ್ನೊಂದು ಪಟ್ಟು ನೀರಾದ ಮೇಲೂ ಅದು ಲೀಟರ್‌ಗೆ ನಿಮಿಷಕ್ಕೆ 291 ಮೈಕ್ರೋಮೋಲ್ ಎನ್‌ಎಡಿಎಚ್ ಬೇಡುತ್ತದೆ. ಅಲ್ಲಿರುವುದೇ 180. ಅಷ್ಟೂ 40 ಸೆಕೆಂಡಿನೊಳಗೆ ಖಾಲಿ, ಯಂತ್ರ ಇನ್ನೂ ತನ್ನ ಒಂದು ನಿಮಿಷ ಕಾಯುತ್ತಿರುವಾಗಲೇ. ಕಾದು ಕಣ್ಣು ತೆರೆದಾಗ ಕರಗಲು ಏನೂ ಉಳಿದಿರುವುದಿಲ್ಲ. ಗೆರೆ ಮಟ್ಟಸ. ಇಳಿಕೆ 0.002, ಅದನ್ನು 1768ರಿಂದ ಗುಣಿಸಿದರೆ 4 U/L. ಲಿವರ್ ಕುಸಿಯುತ್ತಿರುವ ಮನುಷ್ಯನ ವರದಿಯಲ್ಲಿ ಆರೋಗ್ಯವಂತರಿಗಿಂತಲೂ ಕಡಿಮೆಯ ಅಂಕಿ.

ಇದನ್ನು ಹಿಡಿಯುವ ದಾರಿ ಇಳಿಕೆಯಲ್ಲಿ ಇಲ್ಲ, ಮೊದಲ ಓದಿನಲ್ಲಿದೆ. ಎಎಲ್‌ಟಿ ನಿಜಕ್ಕೂ 4 ಇದ್ದಿದ್ದರೆ ಒಂದು ನಿಮಿಷದ ಹೊತ್ತಿಗೆ ಅಬ್ಸಾರ್ಬೆನ್ಸ್ ಇನ್ನೂ 1.1ರ ಆಸುಪಾಸಿನಲ್ಲಿ ಇರುತ್ತಿತ್ತು. ಇಲ್ಲಿ ಅದು 0.1ಕ್ಕೋ 0.2ಕ್ಕೋ ಕುಸಿದಿರುತ್ತದೆ, ಉಳಿದದ್ದು ಸೀರಂನ ಸ್ವಂತ ಬಣ್ಣವಷ್ಟೇ. ಪೂರ್ಣ ಸ್ವಯಂಚಾಲಿತ ಯಂತ್ರಗಳು ಇದನ್ನು ನೋಡಿ ಎಚ್ಚರಿಕೆಯ ಗುರುತು ಹಾಕುತ್ತವೆ. ಸಣ್ಣ ಯಂತ್ರದ ಮುಂದೆ ಕೂತ ಟೆಕ್ನಿಷಿಯನ್ ಇದನ್ನು ತಾನೇ ನೋಡಬೇಕು. ರೋಗಿಯ ಕಣ್ಣು ಹಳದಿಯಾಗಿದೆ, ಬಿಲಿರುಬಿನ್ ಏರಿದೆ, ಎಸ್‌ಜಿಪಿಟಿ ಮಾತ್ರ 4 ಎಂದರೆ ಅಲ್ಲಿಗೆ ನಿಲ್ಲಬೇಕು. ಪರಿಹಾರ ಕಷ್ಟದ್ದಲ್ಲ: ಒಂದು ಭಾಗ ಸೀರಂಗೆ ಒಂಬತ್ತು ಭಾಗ ಸಲೈನ್ ಬೆರೆಸಿ ಮತ್ತೆ ಓದಬೇಕು. ಈಗ ನಿಮಿಷಕ್ಕೆ 0.181 ಇಳಿಯುತ್ತದೆ, ಅದು 320, ಹತ್ತು ಪಟ್ಟು ಮಾಡಿದರೆ 3200. ಇದಕ್ಕಿಂತ ಸ್ವಲ್ಪ ಕಡಿಮೆ ಎಎಲ್‌ಟಿ ಇದ್ದ ಮಾದರಿಯಲ್ಲಿ ಎನ್‌ಎಡಿಎಚ್ ಓದಿನ ನಡುವೆಯೇ ಮುಗಿಯುತ್ತದೆ, ಆಗ ಇಳಿಕೆಗಳು ನಿಮಿಷದಿಂದ ನಿಮಿಷಕ್ಕೆ ಕುಗ್ಗುತ್ತವೆ. ಹೆಚ್ಚುತ್ತಾ ಹೋದರೆ ಜತೆಗಾರ ಕಿಣ್ವ ಸಾಲದು, ಕುಗ್ಗುತ್ತಾ ಹೋದರೆ ಎನ್‌ಎಡಿಎಚ್ ಸಾಲದು.

ಎನ್‌ಎಡಿಎಚ್ ಬಾಟಲಿಯಲ್ಲೇ ಕೆಡುವುದೂ ಉಂಟು. ಅದು ಆಮ್ಲೀಯ ದ್ರಾವಣದಲ್ಲಿ, ಬೆಚ್ಚಗಿನ ಜಾಗದಲ್ಲಿ ಬೇಗ ಒಡೆಯುತ್ತದೆ. ಆಗ ಮೇಲೆ ಹೇಳಿದ ಮೋಸ ಮಿತಿಯೊಳಗಿನ ಮಾದರಿಗಳಲ್ಲೂ ಆಗತೊಡಗುತ್ತದೆ. ದಿನ ಬೆಳಗ್ಗೆ ಬರೀ ರೀಏಜೆಂಟನ್ನು ಡಿಸ್ಟಿಲ್ಡ್ ವಾಟರ್ ಎದುರಿಗೆ 340ರಲ್ಲಿ ಓದಿ, 1.0ಕ್ಕಿಂತ ಕೆಳಗಿದ್ದರೆ ಬಾಟಲಿ ಚೆಲ್ಲಬೇಕು ಎಂದು ಕಿಟ್‌ಗಳ ಹಾಳೆಯಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಓದಿ ಪಾಲಿಸುವ ಲ್ಯಾಬ್‌ಗೂ ಪಾಲಿಸದ ಲ್ಯಾಬ್‌ಗೂ ಬಹಳ ವ್ಯತ್ಯಾಸವಿದೆ.

ಗೆರೆ ನೇರವಾಗಿ ಇಳಿದು, ಮೊದಲ ಓದೂ ಸರಿಯಾಗಿದ್ದು, ಆದರೂ ಅಂಕಿ ತಪ್ಪುವ ಸಂದರ್ಭಗಳಿವೆ. ಲಿವರ್ ಹಾಳಾದಾಗ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವವೂ ರಕ್ತಕ್ಕೆ ಸೋರುತ್ತದೆ. ಮಿಶ್ರಣದಲ್ಲಿ ಅಮೋನಿಯಾ ಇದ್ದರೆ ಅದು ಆಕ್ಸೋಗ್ಲುಟರೇಟನ್ನೂ ಎನ್‌ಎಡಿಎಚ್‌ನ್ನೂ ಬಳಸಿಕೊಂಡು ತಾನೂ ಕೆಲಸ ಶುರುಮಾಡುತ್ತದೆ, ಆ ಇಳಿಕೆಯೂ ಎಎಲ್‌ಟಿಯ ಲೆಕ್ಕಕ್ಕೆ ಸೇರುತ್ತದೆ. ಹಿಂದೆ ಎಲ್‌ಡಿಎಚ್ ಅನ್ನು ಅಮೋನಿಯಂ ಸಲ್ಫೇಟ್‌ನಲ್ಲಿ ಇಟ್ಟು ಮಾರುತ್ತಿದ್ದರು, ಪರೀಕ್ಷೆಯೊಳಗೆ ಅಮೋನಿಯಾ ಬರುತ್ತಿದ್ದುದು ಆ ದಾರಿಯಿಂದಲೇ. ಗ್ಲಿಸರಾಲ್‌ನಲ್ಲಿ ಇಟ್ಟ ಎಲ್‌ಡಿಎಚ್ ಬಳಸುವುದು ಇದಕ್ಕೇ.

ಇನ್ನೊಂದು ಕಾರಣ ರೋಗಿಯ ಊಟಕ್ಕೆ ಸಂಬಂಧಿಸಿದ್ದು. ಎಎಲ್‌ಟಿ ಕೆಲಸ ಮಾಡಬೇಕಾದರೆ ಅದಕ್ಕೆ ಬಿ6 ಜೀವಸತ್ವದಿಂದ ಆಗುವ ಪಿರಿಡಾಕ್ಸಲ್ ಫಾಸ್ಫೇಟ್ ಅಂಟಿಕೊಂಡಿರಬೇಕು. ಬಿ6 ಕೊರತೆ ಇರುವವರ ರಕ್ತದಲ್ಲಿ ಎಎಲ್‌ಟಿಯ ಒಂದು ಪಾಲು ಅದಿಲ್ಲದೆ ನಿಷ್ಕ್ರಿಯವಾಗಿ ತಿರುಗುತ್ತಿರುತ್ತದೆ. ದೀರ್ಘಕಾಲ ಮದ್ಯ ಕುಡಿದವರಲ್ಲಿ, ಡಯಾಲಿಸಿಸ್‌ನಲ್ಲಿರುವವರಲ್ಲಿ ಇದು ಕಾಣುತ್ತದೆ. ಆಧಾರ ವಿಧಾನದಲ್ಲಿ ಮಿಶ್ರಣಕ್ಕೆ ಲೀಟರ್‌ಗೆ 0.1 ಮಿಲಿಮೋಲ್ ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸಿ ಆ ಪಾಲನ್ನೂ ಕೆಲಸಕ್ಕೆ ಎಬ್ಬಿಸುತ್ತಾರೆ. ಬಹಳಷ್ಟು ಅಗ್ಗದ ಕಿಟ್‌ಗಳಲ್ಲಿ ಅದು ಇರುವುದಿಲ್ಲ. ಒಂದೇ ದಿನ ಒಂದೇ ರೋಗಿಯ ರಕ್ತವನ್ನು ಎರಡು ಲ್ಯಾಬ್‌ಗೆ ಕೊಟ್ಟು, ಎರಡರಲ್ಲೂ ಕೆಲಸ ಅಚ್ಚುಕಟ್ಟಾಗಿ ನಡೆದರೂ ಅಂಕಿಗಳು ಹೊಂದದಿರುವುದಕ್ಕೆ ಇದು ಒಂದು ಕಾರಣ. ಲಿವರ್ ಕಾಯಿಲೆಯಲ್ಲಿ ತಿಂಗಳು ತಿಂಗಳು ಏರಿಳಿತ ನೋಡಬೇಕಾದವರು ಪ್ರತಿ ಸಲವೂ ಅದೇ ಲ್ಯಾಬ್‌ನಲ್ಲಿ ಮಾಡಿಸುವುದು ಒಳ್ಳೆಯದು, ಲ್ಯಾಬ್ ಬದಲಿಸಲೇಬೇಕಾಗಿ ಬಂದರೆ ಅಲ್ಲಿನ ಕಿಟ್‌ನಲ್ಲಿ ಪಿರಿಡಾಕ್ಸಲ್ ಫಾಸ್ಫೇಟ್ ಇದೆಯೇ ಎಂದು ವಿಚಾರಿಸಿ, ಉತ್ತರವನ್ನು ಹಳೆಯ ವರದಿಯ ಜತೆ ಡಾಕ್ಟರಿಗೆ ತಿಳಿಸಬಹುದು.